ಎಲ್‌ಇಡಿ ಹಾಕಿದ ಮೇಲೆ ಇಂಡಿಕೇಟರ್ ಪಟಪಟ ಹೊಡೆಯುತ್ತಿದೆ, ಹಜಾರ್ಡ್ ಮಾತ್ರ ಸರಿ ಇದೆ. ಯಾಕೆ?

ನವನಗರ_ಹ್ಯಾಚ್‌ಬ್ಯಾಕ್ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 2011ರ ಹಳೆ ಹ್ಯಾಚ್‌ಬ್ಯಾಕ್ ಇದೆ. ಹಿಂದಿನ ಎರಡು ಇಂಡಿಕೇಟರ್ ಬಲ್ಬ್ ತೆಗೆದು ಹಳದಿ ಎಲ್‌ಇಡಿ ಹಾಕಿದೆ. ಬೆಳಕು ಚೆನ್ನಾಗಿದೆ. ಆದರೆ ಎಡಕ್ಕೆ ಹಾಕಿದರೂ ಬಲಕ್ಕೆ ಹಾಕಿದರೂ ಪಟಪಟ ಅಂತ ಹೊಡೆಯುತ್ತದೆ. ಮೊಬೈಲ್ ಟೈಮರ್ ಇಟ್ಟು ಎಣಿಸಿದೆ, 15 ಸೆಕೆಂಡಿಗೆ ಸುಮಾರು 40 ಸಲ. ಮೊದಲು 21 ಇತ್ತು.

ತಮಾಷೆ ಏನಂದ್ರೆ ಹಜಾರ್ಡ್ ಬಟನ್ ಒತ್ತಿದರೆ ನಾಲ್ಕೂ ಲೈಟ್ ಮೊದಲಿನ ಹಾಗೇ ನಿಧಾನವಾಗಿ ಹೊಡೆಯುತ್ತವೆ. ಗ್ಯಾರೇಜಿನವರು ಇದನ್ನು ನೋಡಿ, "ಹಜಾರ್ಡ್ ಸರಿ ಇದೆ ಅಂದ್ರೆ ರಿಲೇ ಸರಿ ಇದೆ. ಸ್ಟೀರಿಂಗ್ ಕೆಳಗಿನ ಸ್ವಿಚ್ ಹೋಗಿದೆ, ಪೂರ್ತಿ ಬದಲಿಸಬೇಕು" ಅಂದರು. ನಿಜವಾ?

ಗುಮ್ಮಟ_ಡ್ರೈವರ್ (ವಿಜಯಪುರ)

ಸ್ವಿಚ್ ಅಲ್ಲ ಬ್ರದರ್, ದುಡ್ಡು ಹಾಳು ಮಾಡಬೇಡಿ. ಎಲ್‌ಇಡಿ ಕರೆಂಟ್ ಕಡಿಮೆ ತಿನ್ನುತ್ತದೆ, ಅದಕ್ಕೆ ಫಾಸ್ಟ್ ಆಗುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಒಂದು ರೆಸಿಸ್ಟರ್ ತಗೊಂಡು ಎಲ್‌ಇಡಿ ವೈರ್ ಕತ್ತರಿಸಿ ಮಧ್ಯೆ ಸೇರಿಸಿ. ಹತ್ತಿಪ್ಪತ್ತು ರೂಪಾಯಿ ಕೆಲಸ.

ವೈರಿಂಗ್_ಕಾಕಾ (ವಿಜಯಪುರ)

ಗುಮ್ಮಟದವರು ಅರ್ಧ ಸರಿ ಹೇಳಿದ್ದಾರೆ. ಕಾರಣ ಸರಿ, ಆದರೆ ಮಧ್ಯೆ ಸೇರಿಸಿದರೆ ಕರೆಂಟ್ ಇನ್ನೂ ಕಡಿಮೆ ಆಗುತ್ತದೆ, ರೋಗ ಜಾಸ್ತಿ ಆಗುತ್ತದೆ. ಎಲ್‌ಇಡಿ ಬೆಳಕೂ ಮಂಕಾಗುತ್ತದೆ. ರೆಸಿಸ್ಟರ್ ಬಲ್ಬಿನ ಪಕ್ಕಕ್ಕೆ ಬರಬೇಕು. ಒಂದು ತುದಿ ಇಂಡಿಕೇಟರ್ ವೈರಿಗೆ, ಇನ್ನೊಂದು ತುದಿ ಅರ್ಥಿಂಗಿಗೆ. ಯಾವ ತುದಿ ಯಾವುದಕ್ಕೆ ಅನ್ನುವುದು ಮುಖ್ಯ ಅಲ್ಲ. ಇನ್ನು ಹತ್ತು ರೂಪಾಯಿಯ ಚಿಕ್ಕ ರೆಸಿಸ್ಟರ್ ಹಾಕಿದರೆ ಎರಡೇ ನಿಮಿಷದಲ್ಲಿ ಹೊಗೆ ಬರುತ್ತದೆ.

ಈಗ ನವನಗರದ ತಮ್ಮನ ಪ್ರಶ್ನೆ. ಹಜಾರ್ಡ್ ಸರಿ ಹೊಡೆಯುತ್ತಿದೆ ಅನ್ನುವುದೇ ನಿಮ್ಮ ಸ್ವಿಚ್ ಚೆನ್ನಾಗಿದೆ ಅನ್ನೋದಕ್ಕೆ ಸಾಕ್ಷಿ. ಹೇಗೆ ಅಂತ ಹೇಳುತ್ತೇನೆ.

ನಿಮ್ಮ ಗಾಡಿಯಲ್ಲಿ ಒಂದು ಬದಿಗೆ ಮುಂದೆ 21 ವ್ಯಾಟ್, ಹಿಂದೆ 21 ವ್ಯಾಟ್, ಫೆಂಡರ್ ಮೇಲೆ 5 ವ್ಯಾಟ್ ಇರುತ್ತವೆ. ಒಟ್ಟು 47. ಗ್ಯಾರೇಜಿನವರು ರಿಲೇ ಅಂದ ಡಬ್ಬಿಯೇ ಫ್ಲಾಷರ್, ಲೈಟ್ ಹೊಡೆಸುವುದು ಅದೇ. ಅದರ ಒಳಗೆ ಒಂದು ಚಿಕ್ಕ ತಾಮ್ರದ ಪಟ್ಟಿ ಇರುತ್ತದೆ. ಎಲ್ಲ ಬಲ್ಬುಗಳ ಕರೆಂಟೂ ಅದರ ಮೇಲೆಯೇ ಹಾಯಬೇಕು. ಎಷ್ಟು ಹಾಯುತ್ತಿದೆ ಅಂತ ಒಳಗಿನ ಐಸಿ ಅಳೆಯುತ್ತದೆ. ಒಂದು 21 ವ್ಯಾಟ್ ಬಲ್ಬ್ ಸುಟ್ಟರೆ 47 ಹೋಗಿ 26 ಉಳಿಯುತ್ತದೆ. ಆಗ ವೇಗ ದುಪ್ಪಟ್ಟು ಮಾಡಿ "ಬಲ್ಬ್ ಹೋಗಿದೆ, ನೋಡಪ್ಪಾ" ಅಂತ ಹೇಳುತ್ತದೆ. ಅದಕ್ಕೆ ಯಾವ ಬಲ್ಬ್ ಅಂತ ಗೊತ್ತಿಲ್ಲ, ಒಟ್ಟು ಮಾತ್ರ ಗೊತ್ತು.

ನೀವು ಹಿಂದೆ ಹಾಕಿದ ಎಲ್‌ಇಡಿ 3 ವ್ಯಾಟ್ ಅಂತ ಇಟ್ಟುಕೊಳ್ಳಿ. ಒಂದು ಬದಿಗೆ 21, 3, 5, ಒಟ್ಟು 29. ಫ್ಲಾಷರ್ ಲೆಕ್ಕದಲ್ಲಿ ಬಲ್ಬ್ ಸುಟ್ಟಿದೆ. ಹಜಾರ್ಡ್ ಹಾಕಿದಾಗ ಎರಡೂ ಬದಿ ಸೇರಿ 58 ಆಯ್ತು. 47ಕ್ಕಿಂತ ಜಾಸ್ತಿ, ಅದಕ್ಕೇ ಸುಮ್ನೆ ನಿಧಾನವಾಗಿ ಹೊಡೆಯುತ್ತದೆ.

ಪರೀಕ್ಷೆ ಬೇಕಾ? ಮುಂದಿನ ಎರಡಕ್ಕೂ ಎಲ್‌ಇಡಿ ಹಾಕಿ ನೋಡಿ. ಆಗ ಫೆಂಡರಿನವೂ ಸೇರಿ ಎರಡೂ ಬದಿಗೆ 22 ವ್ಯಾಟ್ ಮಾತ್ರ. ಹಜಾರ್ಡ್ ಕೂಡ ಓಡಲು ಶುರು ಮಾಡುತ್ತದೆ.

ನವನಗರ_ಹ್ಯಾಚ್‌ಬ್ಯಾಕ್

ಕಾಕಾ, ಮುಂದಿನವೂ ತಂದಿಟ್ಟಿದ್ದೆ, ಈಗಷ್ಟೇ ಹಾಕಿದೆ. ನೀವು ಹೇಳಿದ ಹಾಗೇ ಆಯ್ತು! ಹಜಾರ್ಡ್ ಕೂಡ ಪಟಪಟ. ಹಿಂದೆ ಹಳೆ ಬಲ್ಬ್ ವಾಪಸ್ ಇಟ್ಟರೆ ಮತ್ತೆ ಹಜಾರ್ಡ್ ಸರಿ. ಸ್ವಿಚ್ ಬದಲಿಸುವುದು ಕ್ಯಾನ್ಸಲ್.

ಈಗ ರೆಸಿಸ್ಟರ್ ಹಾಕಲೋ, ಫ್ಲಾಷರ್ ಬದಲಿಸಲೋ?

ಇಳಕಲ್_ಬೈಕ್

ನನ್ನದೂ ಇದೇ ಸಮಸ್ಯೆ. ಬೈಕಿಗೆ ನಾಲ್ಕೂ ಎಲ್‌ಇಡಿ ಹಾಕಿಸಿದೆ, ಎಲೆಕ್ಟ್ರಾನಿಕ್ ಫ್ಲಾಷರ್ ಕೂಡ ಹಾಕಿದರು. ಈಗ ಎಡಕ್ಕೆ ಒತ್ತಿದರೆ ಬಲಗಡೆಯದೂ ಹೊಡೆಯುತ್ತದೆ. ಬಲಕ್ಕೆ ಒತ್ತಿದರೂ ನಾಲ್ಕೂ. ಹಿಂದೆ ಬರುವವನಿಗೆ ಇವನು ಎಲ್ಲಿ ಹೋಗ್ತಾನೆ ಅನ್ನೋದೇ ತಿಳಿಯಲ್ಲ. ರೆಸಿಸ್ಟರ್ ಹಾಕಿದರೆ ಸರಿ ಹೋಗುತ್ತಾ?

ವೈರಿಂಗ್_ಕಾಕಾ

ಇಳಕಲ್ ತಮ್ಮಾ, ನಿಮ್ಮದು ಬೇರೆ ರೋಗ. ನಿಮ್ಮ ಮೀಟರಿನಲ್ಲಿ ಇಂಡಿಕೇಟರಿಗೆ ಒಂದೇ ಒಂದು ದೀಪ ಇದೆ ಅಲ್ವಾ? ಎಡ ಬಲ ಎರಡಕ್ಕೂ ಅದೇ ಹೊತ್ತುತ್ತದೆ. ಆ ಚಿಕ್ಕ ಬಲ್ಬಿನ ಒಂದು ಕಾಲು ಎಡ ವೈರಿಗೆ, ಇನ್ನೊಂದು ಕಾಲು ಬಲ ವೈರಿಗೆ ಸೇರಿರುತ್ತದೆ. ಎಡಕ್ಕೆ ಹಾಕಿದಾಗ ಬಲಗಡೆಯ ದೊಡ್ಡ ಬಲ್ಬಿನ ಮೂಲಕ ಅದಕ್ಕೆ ಅರ್ಥಿಂಗ್ ಸಿಗುತ್ತಿತ್ತು. ಅಷ್ಟು ಚೂರು ಕರೆಂಟಿಗೆ ದೊಡ್ಡ ಬಲ್ಬ್ ಹೊತ್ತುತ್ತಿರಲಿಲ್ಲ. ಎಲ್‌ಇಡಿಗೆ ಅಷ್ಟೇ ಸಾಕು, ಹೊತ್ತುತ್ತದೆ.

1ಎನ್4007 ಡಯೋಡ್ ಎರಡು ತಗೊಳ್ಳಿ. ಒಂದು ಎಡ ವೈರಿನಿಂದ, ಒಂದು ಬಲ ವೈರಿನಿಂದ. ಎರಡರ ಬಿಳಿ ಗೆರೆ ಇರುವ ತುದಿಗಳನ್ನು ಸೇರಿಸಿ ಮೀಟರ್ ಬಲ್ಬಿನ ಒಂದು ಕಾಲಿಗೆ ಕೊಡಿ. ಇನ್ನೊಂದು ಕಾಲು ನೇರ ಅರ್ಥಿಂಗಿಗೆ. ಹಳೆ ಎರಡು ಜೋಡಣೆ ಬಿಚ್ಚಲೇಬೇಕು, ಇಲ್ಲದಿದ್ದರೆ ಡಯೋಡ್ ಹಾಕಿಯೂ ಪ್ರಯೋಜನ ಇಲ್ಲ.

ನವನಗರದವರಿಗೆ: ಮೊದಲು ನಿಮ್ಮ ಫ್ಲಾಷರ್ ಎಲ್ಲಿದೆ ನೋಡಿ. ಹಜಾರ್ಡ್ ಹಾಕಿ, ಡ್ಯಾಶ್ ಕೆಳಗೆ ತಲೆ ಹಾಕಿ ಟಿಕ್ ಟಿಕ್ ಎಲ್ಲಿಂದ ಬರುತ್ತದೆ ಕೇಳಿ. ಅನುಮಾನ ಇದ್ದರೆ ಒಂದೊಂದೇ ಡಬ್ಬಿ ಮೇಲೆ ಬೆರಳಿಡಿ, ಬಡಿತ ಬೆರಳಿಗೆ ತಿಳಿಯುತ್ತದೆ. ಕಿತ್ತರೆ ಕೈಗೆ ಬರುವ ಡಬ್ಬಿ ಇದ್ದರೆ ಫ್ಲಾಷರೇ ಬದಲಿಸಿ. ಶಬ್ದ ಮೀಟರ್ ಹಿಂದಿನ ಸ್ಪೀಕರಿನಿಂದ ಬರುತ್ತಿದ್ದರೆ ಅದು ಬಾಡಿ ಕಂಪ್ಯೂಟರಿನ ಕೆಲಸ. ಅಲ್ಲಿ ಬದಲಿಸಲು ಫ್ಲಾಷರೇ ಇರಲ್ಲ.

ಹಳೇ_ಬಲ್ಬ್_ಸಾಕು (ಬೆಳಗಾವಿ)

ನನಗೆ ಅರ್ಥ ಆಗದ ಒಂದು ವಿಷಯ. 21 ವ್ಯಾಟ್ ಬಲ್ಬ್ ತೆಗೆದು 3 ವ್ಯಾಟ್ ಎಲ್‌ಇಡಿ ಹಾಕ್ತೀರಿ. ಆಮೇಲೆ ಅದರ ಪಕ್ಕಕ್ಕೆ ರೆಸಿಸ್ಟರ್ ಇಟ್ಟು ಉಳಿಸಿದ ಕರೆಂಟನ್ನು ಬಿಸಿ ಮಾಡಿ ಗಾಳಿಗೆ ಬಿಡ್ತೀರಿ. ಹಳೆ ಬಲ್ಬ್ ಏನು ಪಾಪ ಮಾಡಿತ್ತು?

ಇನ್ನೊಂದು. ಆ ರಿಫ್ಲೆಕ್ಟರ್ ಮಾಡಿರೋದು ತಂತಿ ಬಲ್ಬಿಗೆ. ಬೆಳಕು ಒಂದೇ ಜಾಗದಿಂದ ಸುತ್ತಲೂ ಬೀಳಬೇಕು. ಕೆಲವು ಎಲ್‌ಇಡಿಗಳಲ್ಲಿ ಚಿಪ್ ಎಲ್ಲ ತುದಿಯಲ್ಲೇ ಇರುತ್ತವೆ. ನೇರ ಹಿಂದೆ ನಿಂತರೆ ಕಣ್ಣು ಕುಕ್ಕುತ್ತದೆ, ಪಕ್ಕಕ್ಕೆ ನಾಲ್ಕು ಹೆಜ್ಜೆ ಸರಿದರೆ ಮಧ್ಯಾಹ್ನದ ಬಿಸಿಲಲ್ಲಿ ಏನೂ ಕಾಣಲ್ಲ.

ವೈರಿಂಗ್_ಕಾಕಾ

ಎರಡೂ ಮಾತು ಒಪ್ಪುತ್ತೇನೆ. ಲೆಕ್ಕ ಹಾಕಿದರೆ ಇನ್ನೂ ನಗು ಬರುತ್ತದೆ. ಮಾರ್ಕೆಟಿನಲ್ಲಿ ಬರುವ ರೆಸಿಸ್ಟರ್ 6 ಓಮ್. ಎಂಜಿನ್ ಓಡುವಾಗ ವೋಲ್ಟೇಜ್ 13.8 ಅಂತ ಹಿಡಿಯಿರಿ.

```
13.8 ÷ 6    = 2.3 A
13.8 × 2.3  = 31.7 W
```

ಹಳೆ ಬಲ್ಬಿಗಿಂತ ಜಾಸ್ತಿಯೇ ತಿನ್ನುತ್ತದೆ! ಅದಕ್ಕೇ ಫ್ಲಾಷರ್ ಬದಲಿಸಲು ಆಗುವ ಗಾಡಿಗೆ ನಾನು ರೆಸಿಸ್ಟರ್ ಹಾಕುವುದಿಲ್ಲ. ಪಕ್ಕಕ್ಕೆ ನಿಂತು ನೋಡುವ ಪರೀಕ್ಷೆಯನ್ನೂ ಎಲ್ಲರೂ ಮಾಡಿ. ಸುತ್ತಲೂ ಚಿಪ್ ಇರುವ ಹಳದಿ ಎಲ್‌ಇಡಿಯೇ ತಗೊಳ್ಳಿ. ಹಳದಿ ಗಾಜಿನ ಹಿಂದೆ ಬಿಳಿ ಎಲ್‌ಇಡಿ ಹಾಕಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ.

ನವನಗರ_ಹ್ಯಾಚ್‌ಬ್ಯಾಕ್

ಫ್ಲಾಷರ್ ಸಿಕ್ಕಿತು. ಫ್ಯೂಸ್ ಬಾಕ್ಸ್ ಪಕ್ಕದಲ್ಲೇ ಕಪ್ಪು ಡಬ್ಬಿ, ಮೂರು ಪಿನ್. ಬಿ, ಎಲ್, ಇ ಅಂತ ಕೆತ್ತಿದ್ದಾರೆ. ಅಂಗಡಿಯಲ್ಲಿ ಮೂರು ಪಿನ್ನಿನ ಎಲ್‌ಇಡಿ ಫ್ಲಾಷರ್ ಕೊಟ್ಟರು. ಅಳತೆ ಒಂದೇ, ಸಾಕೆಟಿಗೆ ಹೋಗುತ್ತದೆ. ಆದರೆ ಅಕ್ಷರಗಳ ಜಾಗ ಬೇರೆ ಇದೆ. ಹಳೆಯದರಲ್ಲಿ ಎಲ್ ಇರುವ ಕಡೆ ಹೊಸದರಲ್ಲಿ ಇ ಇದೆ. ಹಾಗೇ ಚುಚ್ಚಿ ನೋಡಲಾ?

ವೈರಿಂಗ್_ಕಾಕಾ

ಚುಚ್ಚಬೇಡಿ! ಪಿನ್ ಅದಲುಬದಲಾದರೆ ಅದೃಷ್ಟ ಚೆನ್ನಾಗಿದ್ದರೆ ಸುಮ್ನೆ ಹೊಡೆಯಲ್ಲ, ಇಲ್ಲದಿದ್ದರೆ ಹೊಸ ಫ್ಲಾಷರ್ ಹೋಗುತ್ತದೆ ಅಥವಾ ಫ್ಯೂಸ್ ಹಾರುತ್ತದೆ. ಇದೇ ಜಾಗದಲ್ಲಿ ಎಲ್ಲರೂ ಎಡವುತ್ತಾರೆ.

ಹಳೆಯದನ್ನು ಕಿತ್ತು ಸಾಕೆಟ್ ಕಡೆಯಿಂದ ಪರೀಕ್ಷೆ ಮಾಡಿ. ಟೆಸ್ಟ್ ಲ್ಯಾಂಪಿನ ಕ್ಲಿಪ್ ಬಾಡಿಗೆ ಹಾಕಿ, ಕೀ ಆನ್ ಮಾಡಿ, ಮೊನೆ ಒಂದೊಂದು ತೂತಿಗೂ ತಾಗಿಸಿ. ಯಾವುದರಲ್ಲಿ ದೀಪ ಹೊತ್ತುತ್ತದೋ ಅದು ಬಿ, ಬ್ಯಾಟರಿ ವೈರ್. ಕೆಲವು ಗಾಡಿಯಲ್ಲಿ ಹಜಾರ್ಡ್ ಬಟನ್ ಒತ್ತಿದಾಗ ಮಾತ್ರ ಬರುತ್ತದೆ, ಹಾಗೂ ನೋಡಿ. ಆಮೇಲೆ ಕ್ಲಿಪ್ ಬ್ಯಾಟರಿ ಪ್ಲಸ್ಸಿಗೆ ಹಾಕಿ, ಹಜಾರ್ಡ್ ಮತ್ತು ಇಂಡಿಕೇಟರ್ ಎರಡೂ ಆಫ್ ಇಡಿ. ಉಳಿದ ಎರಡರಲ್ಲಿ ಹೊತ್ತಿದ್ದು ಇ, ಅಂದರೆ ಅರ್ಥಿಂಗ್. ಕೊನೆಯದು ಎಲ್, ಬಲ್ಬುಗಳಿಗೆ ಹೋಗುವುದು. ಯುರೋಪಿನ ಲೆಕ್ಕದ ಗಾಡಿಗಳಲ್ಲಿ ಇದೇ ಮೂರಕ್ಕೆ 49, 31, 49ಎ ಅಂತ ಬರೆದಿರುತ್ತದೆ.

ಅಂಗಡಿಯವರು ಬದಲಿಸಿ ಕೊಟ್ಟರೆ ಅಕ್ಷರ ಹೊಂದುವ ಡಬ್ಬಿ ತನ್ನಿ, ಅದೇ ಒಳ್ಳೆಯದು. ಕೊಡದಿದ್ದರೆ ಸ್ಪೇಡ್ ಕ್ಲಿಪ್ ಹಾಕಿದ ಮೂರು ಚಿಕ್ಕ ವೈರ್ ಮಾಡಿ ಬಿ-ಬಿ, ಎಲ್-ಎಲ್, ಇ-ಇ ಸೇರಿಸಿ. ಸಾಕೆಟ್ ಕತ್ತರಿಸಬೇಡಿ.

ಮುಧೋಳ_ಟ್ರ್ಯಾಕ್ಟರ್

ಕಾಕಾ, ನಮಸ್ಕಾರ. ಕಬ್ಬಿನ ಸೀಸನ್‌ಗೆ ಮುಂಚೆ ಟ್ರ್ಯಾಕ್ಟರ್, ಟ್ರೇಲರ್ ಎರಡಕ್ಕೂ ಎಲ್‌ಇಡಿ ಇಂಡಿಕೇಟರ್ ಹಾಕಿಸಿದೆ. ನಮ್ಮದು ಫಾಸ್ಟ್ ಆಗಿಲ್ಲ, ಹೊಡೆಯುವುದೇ ಇಲ್ಲ. ಹೊತ್ತಿದ್ದು ಹೊತ್ತೇ ಇರುತ್ತದೆ. ಫ್ಲಾಷರ್ ಅಂದ್ರೆ ದುಂಡಗಿನ ತಗಡಿನ ಡಬ್ಬಿ, ಎರಡೇ ಪಿನ್.

ವೈರಿಂಗ್_ಕಾಕಾ

ಅದು ಹಳೆ ಕಾಲದ್ದು. ಒಳಗೆ ಬಿಸಿಯಾದರೆ ಬಾಗುವ ಪಟ್ಟಿ ಇರುತ್ತದೆ. ಬಲ್ಬುಗಳ ಕರೆಂಟೇ ಅದನ್ನು ಬಿಸಿ ಮಾಡಬೇಕು. ಎಲ್‌ಇಡಿ ಕರೆಂಟಿಗೆ ಅದು ಬಿಸಿಯೇ ಆಗಲ್ಲ, ಬಾಗಲ್ಲ, ಲೈಟ್ ಹೊತ್ತೇ ಇರುತ್ತದೆ. ಎರಡು ಪಿನ್ನಿನ ಎಲೆಕ್ಟ್ರಾನಿಕ್ ಫ್ಲಾಷರ್ ಸಿಗುತ್ತದೆ, ಪಕ್ಕಕ್ಕೆ ಒಂದು ಕಪ್ಪು ವೈರ್ ಜೋತಾಡುತ್ತಿರುತ್ತದೆ. ಅದನ್ನು ಬಣ್ಣ ಕೆರೆದ ಬೋಲ್ಟಿಗೆ ಅರ್ಥಿಂಗ್ ಕೊಡಿ.

ಒಂದು ಎಚ್ಚರಿಕೆ. ಬೇರೆಯವರ ಟ್ರೇಲರ್ ಸಿಕ್ಕಿಸಿದರೆ ಅದರಲ್ಲಿ 21 ವ್ಯಾಟ್ ಬಲ್ಬ್ ಇರಬಹುದು. ಎರಡು ಟ್ರೇಲರ್ ಕಟ್ಟಿ ಹಜಾರ್ಡ್ ಹಾಕಿದರೆ ಬರೀ ಟ್ರೇಲರಿನದೇ 84 ವ್ಯಾಟ್, ಏಳು ಆಂಪಿಯರ್. ಡಬ್ಬಿ ಮೇಲೆ ಬರೆದ ಆಂಪಿಯರ್ ಅದಕ್ಕಿಂತ ಸಾಕಷ್ಟು ಜಾಸ್ತಿ ಇರಲಿ.

ಟಿಳಕವಾಡಿ_ಎಸ್‌ಯುವಿ (ಬೆಳಗಾವಿ)

ಫ್ಲಾಷರೇ ಇಲ್ಲದವರ ಪರವಾಗಿ ಬರೆಯುತ್ತಿದ್ದೇನೆ. ನನ್ನದು 2021ರ ಚಿಕ್ಕ ಎಸ್‌ಯುವಿ, ಟಿಕ್ ಶಬ್ದ ಸ್ಪೀಕರಿನದು. ಹಿಂದಿನ ಎರಡಕ್ಕೆ ಎಲ್‌ಇಡಿ ಹಾಕಿದ್ದೇನೆ. ನನಗೆ ರೆಸಿಸ್ಟರ್ ಬಿಟ್ಟು ದಾರಿ ಇರಲಿಲ್ಲ. "ಕ್ಯಾನ್‌ಬಸ್" ಅಂತ ಬರೆದ ಎಲ್‌ಇಡಿ ಮೊದಲು ತಂದೆ. ಅದರ ಒಳಗೇ ರೆಸಿಸ್ಟರ್ ಇರುತ್ತದೆ ಅಂದರು. ಒಂದು ಬದಿ ಸರಿ ಹೋಯಿತು, ಇನ್ನೊಂದು ಬದಿ ಆಗಾಗ ಪಟಪಟ ಹೊಡೆಯುತ್ತಿತ್ತು. ಬಲ್ಬ್ ಮುಟ್ಟಿದರೆ ಬೆರಳು ಸುಡುತ್ತಿತ್ತು. ಕೊನೆಗೆ ಅದರ ಚಿಪ್ಪುಗಳೇ ಒಂದೊಂದಾಗಿ ಆರಿದವು.

ಆಮೇಲೆ ಸಾದಾ ಎಲ್‌ಇಡಿ, ಹೊರಗೆ 6 ಓಮ್ 50 ವ್ಯಾಟ್ ರೆಸಿಸ್ಟರ್ ಹಾಕಿದೆ. ಬಂಗಾರದ ಬಣ್ಣದ ಅಲ್ಯೂಮಿನಿಯಂ ಮೈ, ಎರಡು ಕಿವಿ. ಉದ್ಯಮಬಾಗದಲ್ಲಿ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ಅದನ್ನು ವೈರ್ ಕಟ್ಟಿಗೇ ಟೈ ಹಾಕಿ ಬಿಗಿಯಲು ಹೊರಟಿದ್ದರು, ನಾನು ತಡೆದೆ.

ಗುಮ್ಮಟ_ಡ್ರೈವರ್

ಯಾಕೆ ತಡೆದಿರಿ? 50 ವ್ಯಾಟ್ ಅಂತ ಬರೆದಿದೆ, ತಿನ್ನೋದು 32. ಇನ್ನೂ 18 ವ್ಯಾಟ್ ಬಾಕಿ ಇದೆಯಲ್ಲ. ಅದೂ ಇಂಡಿಕೇಟರ್ ಅರ್ಧ ಸಮಯ ಆರಿರುತ್ತದೆ, ಸರಾಸರಿ 16.

ಟಿಳಕವಾಡಿ_ಎಸ್‌ಯುವಿ

ಸರಾಸರಿ ಲೆಕ್ಕ ಸರಿ. ಆದರೆ 50 ವ್ಯಾಟ್ ಅನ್ನುವುದು ದೊಡ್ಡ ತಗಡಿಗೆ ಸ್ಕ್ರೂ ಹಾಕಿ ಕೂರಿಸಿದಾಗಿನ ಮಾತು. ಗಾಳಿಯಲ್ಲಿ ಜೋತಾಡುತ್ತಿದ್ದರೆ ಅದರ ಅರ್ಧವನ್ನೂ ತಡೆಯಲ್ಲ. ರೆಸಿಸ್ಟರ್ ಕೆಡದಿದ್ದರೂ ಪಕ್ಕದ ವೈರಿನ ಮೇಲಿನ ಪ್ಲಾಸ್ಟಿಕ್ ಕರಗುತ್ತದೆ. ಕೂರಿಸುವ ಮುಂಚೆ ಒಂದನ್ನು ನೆಲದ ಮೇಲೆ ಇಟ್ಟು, ಎಂಜಿನ್ ಓಡಿಸಿ, ಹತ್ತು ನಿಮಿಷ ಹಜಾರ್ಡ್ ಹಾಕಿದ್ದೆ. ಮೇಲೆ ನೀರು ಚಿಮುಕಿಸಿದರೆ ಚುಯ್ ಅಂತ ಆರಿ ಹೋಯಿತು. ಕಾದ ಹೆಂಚೇ ಅದು.

ಆದ್ದರಿಂದ ಡಿಕ್ಕಿಯ ಒಳಗೆ, ಟೈಲ್ ಲ್ಯಾಂಪ್ ಹಿಂದೆ, ಬಾಡಿಯ ಬರೀ ತಗಡು ಇರುವ ಜಾಗ ಹುಡುಕಿದೆ. ಪ್ಲಾಸ್ಟಿಕ್ ಕವರ್, ಬಟ್ಟೆಯ ಲೈನಿಂಗ್, ವೈರ್ ಕಟ್ಟು ಯಾವುದೂ ತಾಗಬಾರದು. ಪ್ರೊಸೆಸರಿಗೆ ಹಚ್ಚುವ ಬಿಳಿ ಪೇಸ್ಟ್ ಸವರಿ ಎರಡೂ ಕಿವಿಗೆ ಸ್ಕ್ರೂ ಹಾಕಿದೆ. ಈಗ ಅದೇ ಹತ್ತು ನಿಮಿಷಕ್ಕೆ ತಗಡು ಬಿಸಿಯಾಗುತ್ತದೆ, ಆದರೆ ಸುತ್ತಮುತ್ತ ಏನೂ ಬಾಡಲ್ಲ. ಡಬಲ್ ಸೈಡ್ ಟೇಪಿನಲ್ಲಿ ಅಂಟಿಸಿದ್ದನ್ನು ಎಷ್ಟೋ ಗಾಡಿಯಲ್ಲಿ ನೋಡಿದ್ದೇನೆ. ಟೇಪ್ ಕರಗಿ ರೆಸಿಸ್ಟರ್ ಕಾರ್ಪೆಟ್ ಮೇಲೆ ಬಿದ್ದಿರುತ್ತದೆ.

ವಾರಂಟಿ ಇದ್ದ ಕಾರಣ ಕಂಪನಿ ವೈರ್ ಕತ್ತರಿಸಲಿಲ್ಲ. ಹೋಲ್ಡರ್ ಮತ್ತು ವೈರ್ ಮಧ್ಯೆ ಸಿಕ್ಕಿಸುವ ಜೋಡಣೆ ಸಿಗುತ್ತದೆ, ರೆಸಿಸ್ಟರ್ ಅದರಲ್ಲೇ ಬೆಸೆದಿರುತ್ತದೆ. ಅದನ್ನೇ ಹಾಕಿದೆ. ಚುಚ್ಚಿ ಒತ್ತುವ ನೀಲಿ ಕ್ಲಿಪ್ ಮಾತ್ರ ಬೇಡ. ಸರಿಯಾಗಿ ಕಚ್ಚದಿದ್ದರೆ ಎರಡು ಆಂಪಿಯರಿಗೂ ಅದು ಬಿಸಿಯಾಗಿ ಸಡಿಲ ಆಗಬಹುದು. ಬೆಳಗಾವಿ ಮಳೆಗೆ ಒಳಗೆ ಹಸಿರು ಹಿಡಿಯುವುದು ಬೇರೆ.

ಹಳೇ_ಬಲ್ಬ್_ಸಾಕು

ಬೆಳಗಾವಿ ಮಳೆ ಬಿಡಿ. ವಿಜಯಪುರದ ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಲ್ಲಿಸಿದ ಗಾಡಿಯ ಡಿಕ್ಕಿ ತಗಡು ಮೊದಲೇ ಕೈ ಇಡಲು ಆಗದಷ್ಟು ಕಾದಿರುತ್ತದೆ. ಆ ತಗಡು ಇನ್ಯಾರ ಬಿಸಿ ಎಳೆದುಕೊಳ್ಳಬೇಕು? ಹೆದ್ದಾರಿಯಲ್ಲಿ ಗಾಡಿ ಕೆಟ್ಟು ಒಂದು ತಾಸು ಹಜಾರ್ಡ್ ಹಾಕಿ ನಿಂತರೆ? ನಾನಂತೂ ಒಪ್ಪಲ್ಲ.

ಟಿಳಕವಾಡಿ_ಎಸ್‌ಯುವಿ

ಒಂದು ತಾಸು ನಾನು ಪರೀಕ್ಷೆ ಮಾಡಿಲ್ಲ, ನಿಮ್ಮ ಮಾತು ತಳ್ಳಿಹಾಕಲ್ಲ. ಕಾಕಾ, 6 ಓಮ್ ಬದಲು 10 ಓಮ್ ಹಾಕಿದರೆ? 1.4 ಆಂಪಿಯರ್, 19 ವ್ಯಾಟ್. ಬಿಸಿ ಸುಮಾರು ಶೇ. 40 ಕಡಿಮೆ.

ವೈರಿಂಗ್_ಕಾಕಾ

ಬಾಡಿ ಕಂಪ್ಯೂಟರ್ ಒಪ್ಪಿದರೆ 10 ಓಮೇ ಒಳ್ಳೆಯದು. ಒಪ್ಪುತ್ತದೋ ಇಲ್ಲವೋ ಒಂದೊಂದು ಗಾಡಿಗೆ ಒಂದೊಂದು ಥರ. ಸ್ಕ್ರೂ ಹಾಕುವ ಮುಂಚೆ ತಾತ್ಕಾಲಿಕವಾಗಿ ಜೋಡಿಸಿ, ಎಂಜಿನ್ ಆಫ್ ಇದ್ದಾಗ ಮತ್ತು ಓಡುವಾಗ ಎರಡೂ ಸಲ ಎಣಿಸಿ. ಎರಡರಲ್ಲೂ ಸರಿ ಇದ್ದರೆ ಮಾತ್ರ ಕೂರಿಸಿ.

ಹಳೆ ಫ್ಲಾಷರ್ ಥರ ಒಟ್ಟು ನೋಡುವ ಗಾಡಿಗೆ ಒಂದು ಬದಿಗೆ ಒಂದೇ ರೆಸಿಸ್ಟರ್ ಸಾಕಾಗಬಹುದು. ಕೆಲವು ಹೊಸ ಗಾಡಿಗಳಲ್ಲಿ ಒಂದೊಂದು ಬಲ್ಬಿಗೂ ಬೇರೆ ಬೇರೆ ವೈರ್, ಬೇರೆ ಬೇರೆ ಲೆಕ್ಕ. ಅಲ್ಲಿ ಹಿಂದೆ ರೆಸಿಸ್ಟರ್ ಹಾಕಿದರೆ ಮುಂದಿನ ಎಲ್‌ಇಡಿ ತಪ್ಪಿಗೆ ಪರಿಹಾರ ಆಗಲ್ಲ. ನೀವು ಹಿಂದೆ ಮಾತ್ರ ಎಲ್‌ಇಡಿ ಹಾಕಿದ್ದೀರಿ, ಅದಕ್ಕೆ ಸುಲಭ ಆಯ್ತು.

ನವನಗರ_ಹ್ಯಾಚ್‌ಬ್ಯಾಕ್

ಅಕ್ಷರ ಹೊಂದುವ ಫ್ಲಾಷರ್ ಅಂಗಡಿಯಲ್ಲೇ ಬದಲಿಸಿ ಕೊಟ್ಟರು. ಟೆಸ್ಟ್ ಲ್ಯಾಂಪಿನಲ್ಲಿ ಬಿ, ಇ, ಎಲ್ ಮೂರೂ ನೋಡಿಕೊಂಡೇ ಹಾಕಿದೆ. ಪಕ್ಕದಲ್ಲಿ ಚಿಕ್ಕ ಸ್ಕ್ರೂ ಇದೆ, ತಿರುಗಿಸಿದರೆ ವೇಗ ಬದಲಾಗುತ್ತದೆ. ಈಗ 15 ಸೆಕೆಂಡಿಗೆ 21ಕ್ಕೆ ತಂದಿದ್ದೇನೆ. ಎಡ, ಬಲ, ಹಜಾರ್ಡ್ ಎಲ್ಲದರಲ್ಲೂ ಅಷ್ಟೇ. ಪ್ರಯೋಗಕ್ಕೆ ಹಿಂದೆ ಒಂದು ಹಳೆ ಬಲ್ಬ್ ಇಟ್ಟೆ, ಆಗಲೂ ವೇಗ ಬದಲಾಗಲಿಲ್ಲ.

ಒಂದೇ ತೊಂದರೆ, ಟಿಕ್ ಶಬ್ದ ತುಂಬಾ ಕಡಿಮೆ. ಅಪ್ಪನಿಗೆ ಕೇಳಿಸಲ್ಲ. ನಿನ್ನೆ ತಿರುವು ದಾಟಿದ ಮೇಲೂ ಬಲ ಇಂಡಿಕೇಟರ್ ಹಾಕಿಕೊಂಡೇ ವಿದ್ಯಾಗಿರಿ ತನಕ ಹೋಗಿದ್ದಾರೆ.

ವೈರಿಂಗ್_ಕಾಕಾ

21 ಅಂದರೆ ನಿಮಿಷಕ್ಕೆ 84, ಒಳ್ಳೆಯ ವೇಗ. ನಿಯಮದ ಮಿತಿ 60ರಿಂದ 120. ಆ ಸ್ಕ್ರೂ ಮೇಲೆ ಒಂದು ಹನಿ ನೇಲ್ ಪಾಲಿಶ್ ಹಾಕಿ, ಅಲುಗಾಟಕ್ಕೆ ತಾನೇ ತಿರುಗಲ್ಲ.

ಶಬ್ದಕ್ಕೆ ಒಳಗೆ ರಿಲೇ ಇರುವ ಎಲೆಕ್ಟ್ರಾನಿಕ್ ಫ್ಲಾಷರ್ ಕೇಳಿ ತನ್ನಿ, ಅದು ಟಿಕ್ ಅನ್ನುತ್ತದೆ. ಪೂರ್ತಿ ಟ್ರಾನ್ಸಿಸ್ಟರಿನದ್ದು ಮೌನವಾಗಿರುತ್ತದೆ. ಕೆಲವದರಲ್ಲಿ ಬೀಪರ್ ಇರುತ್ತದೆ, ಆ ಪೀಂ ಪೀಂ ನನಗಂತೂ ತಲೆನೋವು.

ಇನ್ನು ಮೇಲೆ ಒಂದು ಇಂಡಿಕೇಟರ್ ಸತ್ತರೂ ಡ್ಯಾಶ್ ನಿಮಗೆ ಹೇಳಲ್ಲ, ವೇಗ ಅದೇ 84 ಇರುತ್ತದೆ. ಟಿಳಕವಾಡಿಯವರ ಹಿಂದಿನ ದೀಪಕ್ಕೂ ಅದೇ ಕಥೆ. ಎಲ್‌ಇಡಿ ಸತ್ತರೂ ರೆಸಿಸ್ಟರ್ ಕರೆಂಟ್ ಎಳೆಯುತ್ತಲೇ ಇರುತ್ತದೆ. ಪೆಟ್ರೋಲ್ ಹಾಕಿಸುವಾಗ ಹಜಾರ್ಡ್ ಒತ್ತಿ ಗಾಡಿ ಸುತ್ತ ಒಂದು ಸುತ್ತು ಬನ್ನಿ.

ಇಳಕಲ್_ಬೈಕ್

ಡಯೋಡ್ ಹಾಕಿದೆ ಕಾಕಾ. ಎಡ ಎಡಕ್ಕೆ, ಬಲ ಬಲಕ್ಕೆ. ಆದರೆ ಮೀಟರ್ ಬಲ್ಬ್ ಹೊತ್ತುತ್ತಿಲ್ಲ.

ವೈರಿಂಗ್_ಕಾಕಾ

ಬಿಳಿ ಗೆರೆ ಉಲ್ಟಾ ಆಗಿರಬೇಕು, ಇಲ್ಲಾ ಬಲ್ಬಿನ ಇನ್ನೊಂದು ಕಾಲಿಗೆ ಅರ್ಥಿಂಗ್ ಸಿಕ್ಕಿಲ್ಲ. ಫೋಟೋ ಹಾಕಿ.

ಟಿಳಕವಾಡಿ_ಎಸ್‌ಯುವಿ

10 ಓಮ್ ಹಾಕಿ ನೋಡಿದೆ. ಎಂಜಿನ್ ಓಡುವಾಗ ಸರಿ. ಎಂಜಿನ್ ಆಫ್ ಮಾಡಿದರೆ ಬಲಗಡೆ ಮಾತ್ರ ಆಗಾಗ ಪಟಪಟ ಹೊಡೆಯುತ್ತದೆ, ಎಡ ಸರಿ ಇದೆ. 8 ಓಮಿನದು ಯಾರಿಗಾದರೂ ಹುಬ್ಬಳ್ಳಿ, ಬೆಳಗಾವಿ ಕಡೆ ಸಿಕ್ಕಿದ್ದರೆ ಹೇಳಿ.

ವೈರಿಂಗ್_ಕಾಕಾ

8 ಹುಡುಕುವ ಮುಂಚೆ ಬಲಗಡೆಯ ಅರ್ಥಿಂಗ್ ಬೋಲ್ಟ್ ಬಿಚ್ಚಿ, ಉಜ್ಜಿ ಹಾಕಿ ನೋಡಿ. ಎರಡು ಬದಿಗೂ ಒಂದೇ ಸಾಮಾನು ಹಾಕಿ ಒಂದೇ ಬದಿ ತೊಂದರೆ ಕೊಟ್ಟರೆ ನಾನು ಮೊದಲು ನೋಡೋದು ಅದನ್ನೇ.